ಎತ್ತರದ ಕೀಬೋರ್ಡಿನ ಮೇಲಿನ ಸಾಲುಗಳು

ನನ್ನ ಗಂಟಲಿನ ದನಿಪೆಟ್ಟಿಗೆ ತೆಗೆದುಹಾಕಿದ ಮೇಲೆ ನನಗೆ ಗೊತ್ತಾದ ಮೊದಲ ಸಂಗತಿಯೆಂದರೆ, ಮಾತು ಬರದವನಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಲೋಕ ನಂಬಿದೆ. ನೋಡಲು ಬಂದವರೆಲ್ಲ ನನ್ನ ಕಿವಿಯ ಹತ್ತಿರ ಬಾಯಿ ತಂದು ಕಿರುಚುತ್ತಿದ್ದರು. "ಆರಾಮದೀರೇನ್ರೀ?" ಅಂತ ಒಬ್ಬ ಕೂಗಿದ್ದಕ್ಕೆ ಬಾಜೂ ಮನೆಯ ನಾಯಿ ಬೊಗಳಿತು. ಹಿಂದಿನ ನಾನಾಗಿದ್ದರೆ ಅಲ್ಲಿಯೇ ಅವನ ಜನ್ಮ ಜಾಲಾಡುತ್ತಿದ್ದೆ. ಈಗ ತಲೆ ಆಡಿಸಿದೆ.

ಗೋಕಾಕದ ತಹಶೀಲ್ದಾರ ಕಚೇರಿಯ ಆವರಣದಲ್ಲಿ, ಬೇವಿನ ಮರದ ಕೆಳಗೆ, ಮೂವತ್ತು ವರ್ಷ ಅರ್ಜಿ ಬರೆದವನು ನಾನು. ಪಹಣಿ ತಿದ್ದುಪಡಿ, ವಾರಸಾ, ದಾರಿ ತಂಟೆ, ಪಿಂಚಣಿ, ಯಾವುದೇ ಇರಲಿ, ನನ್ನ ಮೇಜಿಗೆ ಜನ ಬರುತ್ತಿದ್ದದ್ದು ನನ್ನ ಅಕ್ಷರ ನೋಡಿ ಅಲ್ಲ. ಒಳಗಿನ ಕಾರಕೂನ ಅರ್ಜಿಯನ್ನು ನಾಳೆ ಬಾ ಎಂದು ಹಿಂದಕ್ಕೆ ಕಳಿಸಿದರೆ, ನಾನು ಮೇಜು ಬಿಟ್ಟು ಎದ್ದು ಅವನ ಕಿಟಕಿಗೆ ಹೋಗಿ ನಾಲ್ಕು ಮಾತು ಆಡುತ್ತಿದ್ದೆ. ಆ ನಾಲ್ಕು ಮಾತಿಗೆ ಜನ ಬರುತ್ತಿದ್ದರು. ಬಾಯಲ್ಲಿ ಸುಣ್ಣ ತಂಬಾಕು, ನಾಲಿಗೆಯ ಮೇಲೆ ಬೈಗುಳ, ಎರಡೂ ಒಟ್ಟಿಗೇ ಇದ್ದವು. ತಂಬಾಕು ತನ್ನ ಕೆಲಸ ಮಾಡಿತು. ಬೆಳಗಾವಿಯ ಡಾಕ್ಟರರು ಗಂಟಲು ಕೊಯ್ದು, ಉಸಿರಾಡಲು ಕುತ್ತಿಗೆಯಲ್ಲೊಂದು ತೂತು ಮಾಡಿ ಮನೆಗೆ ಕಳಿಸಿದರು.

ಆ ತೂತಿಗೆ ಧೂಳು ಹೋಗಬಾರದು, ಕೆಮ್ಮು ಬಂದರೆ ಎದುರಿನವರ ಮೇಲೆ ಸಿಡಿಯಬಾರದು. ಹೀಗಾಗಿ ನನ್ನ ಎಡಗೈ ಯಾವಾಗಲೂ ಕುತ್ತಿಗೆಯ ಹತ್ತಿರ, ಒಂದು ಬಿಳಿ ಅರಿವೆ ಹಿಡಿದುಕೊಂಡು. ಉಳಿದದ್ದು ಬಲಗೈ ಒಂದೇ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದೆ. ಒಂದೇ ಕೈಯಲ್ಲಿ ಬರೆಯಲು ಹೋದರೆ ನೋಟ್‌ಬುಕ್ಕು ತೊಡೆಯ ಮೇಲಿಂದ ಜಾರುತ್ತಿತ್ತು. ಮೇಲಾಗಿ ನನ್ನ ಮೂವತ್ತು ವರ್ಷದ ಕಚೇರಿ ಅಕ್ಷರವನ್ನು ಕಾರಕೂನರು ಬಿಟ್ಟರೆ ಬೇರೆ ಯಾರೂ ಓದಲಾರರು. ಹೆಂಡತಿ ಅಂತೂ ಹಾಳೆಯನ್ನು ಉಲ್ಟಾ ಹಿಡಿದು ನೋಡಿ, "ಇದೇನ್ರಿ, ಇರಿವಿ ಹರದಾಡಿದಂಗೈತಿ" ಅಂದಳು. ಬರೆದದ್ದನ್ನು ಓದಿ ಹೇಳುವ ಸವಲತ್ತೂ ಮೊಬೈಲಿನಲ್ಲಿ ಇದೆಯಂತೆ. ಒಂದು ದಿನ ಕೇಳಿದೆ. ಸ್ಟೇಷನ್ನಿನಲ್ಲಿ ಗಾಡಿ ತಡವಾಗಿದೆ ಎಂದು ಹೇಳುವ ಹೆಂಗಸಿನ ದನಿಯಲ್ಲಿ ನನ್ನ ಬೈಗುಳ ಹೊರಬಂತು. ಅವತ್ತೇ ಬಂದ್ ಮಾಡಿದೆ.

ಕೊನೆಗೆ ಉಳಿದದ್ದು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುವುದು. ದೊಡ್ಡ ಅಕ್ಷರ ಇಟ್ಟುಕೊಂಡು, ನೋಟ್ಸ್ ತೆರೆದು, ಬಲಗೈಯ ಹೆಬ್ಬೆರಳಿನಿಂದ ಒತ್ತುವುದು. ಜನ ಇದನ್ನೇ ದಿನವಿಡೀ ಮಾಡುತ್ತಾರೆ, ಇದರಲ್ಲೇನು ಮಹಾ ಎಂದುಕೊಂಡಿದ್ದೆ. ಮೊದಲ ದಿನವೇ ಗೊತ್ತಾಯಿತು. ಕನ್ನಡದ ಕೀಬೋರ್ಡಿನಲ್ಲಿ ಅಕ್ಷರಗಳು ಇಂಗ್ಲಿಷಿಗಿಂತ ಹೆಚ್ಚು, ಜಾಗ ಅಷ್ಟೇ. ನನ್ನ ಹೆಬ್ಬೆರಳೋ ರಬ್ಬರ್ ಶಿಕ್ಕೆ ಒತ್ತಿ ಒತ್ತಿ ಅಗಲವಾದದ್ದು. ಬಲಗಡೆಯ ಅಕ್ಷರ ಹೇಗೋ ಸಿಗುತ್ತಿತ್ತು, ಎಡಗಡೆಯ ಮೂಲೆಗೆ ಹೆಬ್ಬೆರಳು ಮುಟ್ಟುತ್ತಿರಲಿಲ್ಲ. ಮುಟ್ಟಿಸಲು ಹೋದರೆ ಫೋನೇ ಕೈಯಿಂದ ಜಾರುತ್ತಿತ್ತು. 'ಸಕ್ಕರಿ ಕಮ್ಮಿ ಹಾಕು' ಎಂದು ನಾನು ಒತ್ತಿ ಮುಗಿಸುವುದರೊಳಗೆ ಚಹಾ ನನ್ನ ಮುಂದೆ ಬಂದು, ಆರಿ, ಮೇಲೆ ಕೆನೆ ಕಟ್ಟಿರುತ್ತಿತ್ತು. ಸಿಹಿ ಚಹಾ ಕುಡಿದೆ, ಬಹಳ ದಿನ.

ಚಹಾ ಹಾಳಾದರೆ ಹಾಳಾಗಲಿ. ಹುಕ್ಕೇರಿಯಲ್ಲಿ ಆದದ್ದು ಬೇರೆ.

ನನ್ನ ಒಬ್ಬಳೇ ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದೇನೆ. ಅವಳು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮದುವೆಗೆ ಮೊದಲಿನಿಂದ ಮಾಡಿಕೊಂಡು ಬಂದ ಕೆಲಸ. ಮದುವೆಯ ಮಾತಿನಲ್ಲಿ ಎಲ್ಲರೂ ಹೂಂ ಅಂದಿದ್ದರು. ವಾರದಲ್ಲಿ ಐದು ದಿನ ಮೂಡಲಗಿಯ ಬಾಡಿಗೆ ಖೋಲಿಯಲ್ಲಿರುವುದು, ಶನಿವಾರ ಹುಕ್ಕೇರಿಗೆ ಹೋಗುವುದು. ಎರಡು ವರ್ಷ ಕಳೆದ ಮೇಲೆ ಬೀಗರಿಗೆ ಒಮ್ಮೆಲೇ ಜ್ಞಾನೋದಯವಾಯಿತು. ಸೊಸೆ ಮನೆಯಲ್ಲಿರಬೇಕು, ಸಾಲಿಯ ಕೆಲಸ ಬಿಡಬೇಕು. ಅಳಿಯನೆಂಬ ಮಹಾನುಭಾವ ಇದಕ್ಕೆ ಏನು ಹೇಳುತ್ತಾನೆ ಎಂದು ಕೇಳಿದರೆ, ಅವನು ಅಪ್ಪನ ಮುಖ ನೋಡುತ್ತಾನೆ. ಅಪ್ಪ ಇಲ್ಲದಿದ್ದಾಗ ಮೊಬೈಲ್ ನೋಡುತ್ತಾನೆ.

ನಮ್ಮ ಕಡೆ ಇಂಥ ವಿಷಯಕ್ಕೆ ಬೈಠಕ್ ಕೂಡಿಸುತ್ತಾರೆ. ಅಲ್ಲಿ ಹೆಣ್ಣಿನ ಕಡೆಯ ಮಾತನ್ನು ಹೆಣ್ಣಿನ ತಂದೆಯೇ ಆಡಬೇಕು. ತಂದೆ ಜೀವಂತ ಎದುರಿಗೆ ಕೂತಿರುವಾಗ ತಾಯಿ ಆಡಿದರೆ, ಸ್ವತಃ ಮಗಳೇ ಆಡಿದರೆ, ಅದು ಮಾತಿನ ಲೆಕ್ಕಕ್ಕಿಲ್ಲ. ಮೊದಲ ಬೈಠಕ್ಕಿಗೆ ನಾನು, ಹೆಂಡತಿ, ಒಂದು ಡಬ್ಬಿ ಕರದಂಟು, ಇಷ್ಟು ಹುಕ್ಕೇರಿಗೆ ಹೋದೆವು. ಬೀಗರು ತಮ್ಮ ಮಾತು ಹೇಳಿ, "ನಿಮ್ದೇನ್ ಹೇಳೂದೈತಿ ಹೇಳ್ರಿ ಬೀಗ್ರ" ಅಂದರು. ನಾನು ಮೊಬೈಲ್ ತೆಗೆದು ಒತ್ತಲು ಶುರು ಮಾಡಿದೆ. ಎಲ್ಲರೂ ನನ್ನ ಹೆಬ್ಬೆರಳನ್ನೇ ನೋಡುತ್ತ ಕೂತರು. ಒಂದು ಸಾಲಾಗುವುದರೊಳಗೆ ಅಳಿಯ ಆಕಳಿಸಿದ. ಎರಡನೆಯ ಸಾಲಿನಲ್ಲಿ ಮೂರು ಅಕ್ಷರ ತಪ್ಪಿ, ಅಳಿಸಿ, ಮತ್ತೆ ಒತ್ತುವಾಗ ಬೀಗರು ಎದ್ದು ನಿಂತು, "ಆತ್ ಬಿಡ್ರಿ, ನೀವರ ಏನ್ ಬ್ಯಾಡಂತೀರಿ? ಈ ವರ್ಷದ ಪರೀಕ್ಷೆ ಮುಗೀಲಿ, ಆಮ್ಯಾಲ ಬಿಡಸೋಣು" ಅಂದು ಚಹಾ ತರಲು ಕೂಗಿದರು. ನನ್ನ ಪರದೆಯ ಮೇಲೆ ಅರ್ಧ ವಾಕ್ಯ ಇತ್ತು. ಬಾಗಿಲ ಹತ್ತಿರ ನಿಂತಿದ್ದ ಮಗಳು ಒಳಗೆ ಹೋದಳು.

ಬಸ್ಸು ಹುಕ್ಕೇರಿ ದಾಟಿತು. ಹೆಂಡತಿ ಕಿಟಕಿಯ ಕಡೆ ನೋಡುತ್ತಲೇ, "ಜೀವನಾ ಪೂರ್ತಿ ಮಂದಿಗೆ ಬೈಯಾಕ ಇತ್ತು ಬಾಯಿ. ಒಂದ ದಿನ ಬೇಕಾದಾಗ ಇಲ್ಲ ನೋಡ್ರಿ" ಅಂದಳು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಎರಡನ್ನೂ ಟೈಪ್ ಮಾಡುವಷ್ಟು ತಾಳ್ಮೆ ಇರಲಿಲ್ಲ. ಮನೆಗೆ ಬಂದು ಬೀಗರಿಗೆ ಇನ್ನೊಂದು ಬೈಠಕ್ ಬೇಕು, ನನ್ನ ಮಾತು ಮುಗಿದಿಲ್ಲ ಎಂದು ಸಂದೇಶ ಕಳಿಸಿದೆ. ಅವರು ದೊಡ್ಡ ಮನಸ್ಸು ಮಾಡಿ ಮುಂದಿನ ರವಿವಾರ ಬರಲು ಹೇಳಿದರು. ನನ್ನ ಕೈಯಲ್ಲಿ ಎಂಟು ದಿನ ಉಳಿದವು.

ಮೊದಲು ನಾನು ಹೋದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ. ಟೈಪಿಂಗ್ ಸುಲಭ ಆಗಬೇಕು, ಅಕ್ಷರ ಸರಿಯಾಗಿ ಕಾಣಬೇಕು ಎಂದು ಚೀಟಿ ಬರೆದುಕೊಟ್ಟೆ. ಅಂಗಡಿಯವನಿಗೆ ಕೂದಲು ಎರಡು ಬಣ್ಣ. ಕಣ್ಣು ತನ್ನದೇ ಫೋನಿನ ಮೇಲೆ. ನನ್ನ ಫೋನು ತೆಗೆದುಕೊಂಡು ಏನೇನೋ ಒತ್ತಿ, "ಥೀಮ್ ಹಾಕೇನ್ರಿ, ಒಂದ್ ನಂಬರ್ ಕಾಣತೈತಿ" ಅಂತ ವಾಪಸ್ ಕೊಟ್ಟ. ನೋಡುತ್ತೇನೆ, ಕೀಬೋರ್ಡಿನ ಹಿಂದೆ ಗೋಕಾಕ ಫಾಲ್ಸಿನ ಫೋಟೊ! ಮಳೆಗಾಲದ ಫಾಲ್ಸು, ಬೆಳ್ಳಗೆ ನೊರೆ. ಅಕ್ಷರಗಳೂ ಬೆಳ್ಳಗೆ. ತ ಎಲ್ಲಿದೆ ನ ಎಲ್ಲಿದೆ ಎಂದು ನೀರಿನೊಳಗೆ ಕೈಹಾಕಿ ಹುಡುಕಬೇಕು. ಹುಟ್ಟಿದಾಗಿನಿಂದ ನೋಡಿದ ಫಾಲ್ಸನ್ನು ಈ ಮಹಾಶಯ ನನ್ನ ಹೆಬ್ಬೆರಳಿನ ಕೆಳಗೆ ಸುರಿಸಿದ್ದ. ಕೀಗಳು ಮೊದಲಿನಷ್ಟೇ ಸಣ್ಣವು. ಇಂಥವರನ್ನು ಜನ ಎಕ್ಸ್‌ಪರ್ಟ್ ಎನ್ನುತ್ತಾರೆ.

ಬೇವಿನ ಮರದ ಕೆಳಗೆ ನನ್ನ ಮೇಜಿನ ಬಾಜೂ ಇನ್ನೊಂದು ಮೇಜು ಇದೆ. ಅಲ್ಲಿ ಕೂತುಕೊಳ್ಳುವ ಹೆಣ್ಣುಮಗಳು ಕೌಜಲಗಿ ಕಡೆಯವಳು. ಅವಳ ತಂದೆತಾಯಿ ಕಬ್ಬಿನ ಗ್ಯಾಂಗಿನಲ್ಲಿ ದುಡಿದವರು, ಮನೆಯಲ್ಲಿ ಬುದ್ಧನ ಫೋಟೊಕ್ಕೆ ಊದಿನಕಡ್ಡಿ ಹಚ್ಚುವವರು. ಇವಳು ಬಿ.ಕಾಂ. ಮಾಡಿ, ಲ್ಯಾಪ್‌ಟಾಪು ಪ್ರಿಂಟರು ಇಟ್ಟುಕೊಂಡು ಆನ್‌ಲೈನ್ ಅರ್ಜಿ ಹಾಕುತ್ತಾಳೆ. ಅವಳು ಬಂದ ಮೊದಲ ವರ್ಷ ನಾನು ಎಲ್ಲರೆದುರು, "ಅರ್ಜಿ ಅಂದ್ರ ಬಟನ್ ಒತ್ತೂದಲ್ಲವಾ, ಅದಕ್ಕ ತಲಿ ಬೇಕು" ಅಂದಿದ್ದೆ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಅವಳ ಕಡೆಗೆ ಹೋದರು, ಅದೇ ಅವಳ ಉತ್ತರ ಇರಬೇಕು. ಹೀಗಿದ್ದ ನಾನು ಸೋಮವಾರ ಬೆಳಿಗ್ಗೆ ಅವಳೆದುರು ಫೋನು ಚಾಚಿ ನಿಂತೆ.

ಅವಳು ಫಾಲ್ಸು ನೋಡಿ ನಗು ತಡೆದುಕೊಂಡಳು. ಪೂರ್ತಿ ತಡೆಯಲಿಲ್ಲ. "ಕಾಕಾ, ಇದನ್ನ ಯಾರ್ ಹಾಕಿ ಕೊಟ್ರಿ? ಈಜಾಕ ಹೊಂಟೀರೇನು?" ಅಂದಳು. ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟಳು.

ಥೀಮಿನಿಂದ ಶುರು ಮಾಡಿದಳು. ಫೋಟೊ ತೆಗೆದು ಮೊದಲು ಕಪ್ಪು ಹಿನ್ನೆಲೆ ಹಾಕಿದಳು. ಮನೆಯೊಳಗೆ ಅದು ಕಣ್ಣಿಗೆ ತಂಪು ಅಂತ. ಆದರೆ ಬೇವಿನ ಮರದ ಕೆಳಗೆ ಬಿಸಿಲು ಬಿದ್ದಲ್ಲಿ ಹಿಡಿದರೆ ಕಪ್ಪು ಪರದೆಯಲ್ಲಿ ನನ್ನದೇ ಮುಖ ಕಂಡಿತು, ಕುತ್ತಿಗೆಯ ತೂತಿನ ಸಮೇತ. ಬೇಡ ಎಂದು ತಲೆ ಆಡಿಸಿದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಹಾಕಿದಳು. ಅದರಲ್ಲೇ ಕೆಳಗಿದ್ದ ಒಂದು ಗುಂಡಿ ಸರಿಸಿದ ಕೂಡಲೇ ಪ್ರತಿ ಕೀ ಸುತ್ತ ಗೆರೆ ಬಂತು. ಅಲ್ಲಿಯವರೆಗೆ ಅಕ್ಷರಗಳು ಬಯಲಿನಲ್ಲಿ ಬಿಟ್ಟ ದನದಂತೆ ಬೇಕಾದಲ್ಲಿ ನಿಂತಿದ್ದವು, ಈಗ ಒಂದೊಂದಕ್ಕೆ ಒಂದೊಂದು ಹೊಲದ ಬದು. ಎಲ್ಲಿ ಒತ್ತಬೇಕು ಎಂಬುದು ಕಣ್ಣಿಗೆ ಕಂಡಿತು. ಇಷ್ಟು ಸಣ್ಣ ಸಂಗತಿ ಅಂಗಡಿಯ ಪಂಡಿತನಿಗೆ ಹೊಳೆದಿರಲಿಲ್ಲ.

ಆಮೇಲೆ, "ಕಾಕಾ, ಯಾವ್ ಕೈಲೆ ಒತ್ತತೀರಿ?" ಅಂದಳು. ನಾನು ಬಲಗೈ ಎತ್ತಿದೆ. ಎಡಗೈ ಅರಿವೆ ಹಿಡಿದೇ ಇತ್ತು. ಅವಳು ಅದನ್ನು ಒಂದು ಕ್ಷಣ ನೋಡಿ, ಕೀಬೋರ್ಡಿನ ಮೇಲಿನ ಮೂಲೆಯ ನಾಲ್ಕು ಚೌಕದ ಗುರುತು ಒತ್ತಿದಳು. ಅಲ್ಲಿ ಒಂದು ಕೈಯ ಕೀಬೋರ್ಡ್ ಎಂಬುದಿತ್ತು. ಒತ್ತಿದ ತಕ್ಷಣ ಇಡೀ ಕೀಬೋರ್ಡ್ ಮುದುಡಿ ಬಲಗಡೆಯ ಅಂಚಿಗೆ ಸರಿದು ನಿಂತಿತು. ಎಡಗಡೆ ಖಾಲಿ ಪಟ್ಟಿ, ಅದರಲ್ಲೊಂದು ಬಾಣ. ಆ ಬಾಣ ಒತ್ತಿದರೆ ಕೀಬೋರ್ಡು ಎಡಕ್ಕೆ ಹೋಗುತ್ತದೆ. ಇನ್ನೊಂದು ಗುರುತು ಒತ್ತಿದರೆ ಮತ್ತೆ ಮೊದಲಿನಂತೆ ಪೂರ್ತಿ ಅಗಲ. ನನ್ನ ಹೆಬ್ಬೆರಳು ಎಲ್ಲ ಮೂಲೆಗೂ ಮುಟ್ಟಿತು.

"ನಾ ಕೌಜಲಗಿ ಬಸ್ಸಿನ್ಯಾಗ ಬರೂದು ಹಿಂಗ ರೀ," ಅಂದಳು. "ಒಂದ್ ಕೈಲೆ ಮ್ಯಾಲಿನ ರಾಡ್ ಹಿಡೀಬೇಕು, ಒಂದ್ ಕೈಲೆ ಗಿರಾಕಿಗೆ ಉತ್ರಾ ಕೊಡಬೇಕು. ಸೀಟ್ ಸಿಕ್ಕಿದ್ರ ಇದನ್ನ ಯಾಕ ಕಲೀತಿದ್ನಿ?"

ಅವಳಿಗೆ ತಲೆ ಬೇಕು ಎಂದು ಹೇಳಿದ್ದವನು ನಾನು. ಆ ಹೊತ್ತಿನಲ್ಲಿ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇವಳಿಗೆ ಇಷ್ಟು ಗೊತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು.

ಒಂದು ತೊಂದರೆ ಉಳಿಯಿತು. ಕೀಬೋರ್ಡ್ ಮುದುಡಿದ್ದರಿಂದ ಕೀಗಳು ಇನ್ನೂ ಸಪೂರವಾಗಿದ್ದವು. ನಾನು ಒತ್ತಿದರೆ ಬಾಜೂ ಅಕ್ಷರ ಬೀಳುತ್ತಿತ್ತು. ಅದಕ್ಕೆ ಅವಳು ಸೆಟ್ಟಿಂಗಿನೊಳಗೆ ಹೋಗಿ ಕೀಬೋರ್ಡಿನ ಎತ್ತರ ಎಂಬುದನ್ನು ತೆರೆದಳು. ಅಗಲ ಕಮ್ಮಿಯಾದದ್ದನ್ನು ಎತ್ತರದಲ್ಲಿ ತುಂಬಿಕೊಳ್ಳಬೇಕು, ಅದೇ ಉಪಾಯ. ಗಿಡ್ಡ, ಸಾಧಾರಣ, ಎತ್ತರ ಎಂದು ಮೆಟ್ಟಿಲುಗಳಿದ್ದವು. ಅವಳು ಸಾಧಾರಣಕ್ಕಿಂತ ಒಂದು ಮೆಟ್ಟಿಲು ಮೇಲೆ ಇಟ್ಟು ಕೊಟ್ಟಳು. ನಾನು ಕೈ ಮೇಲೆತ್ತಿ ಇನ್ನೂ ಎಂದೆ. ಇನ್ನೊಂದು ಏರಿಸಿದಳು. ಇನ್ನೂ ಎಂದೆ. ಕಟ್ಟಕಡೆಯ ಎತ್ತರಕ್ಕೆ ಮುಟ್ಟಿತು. ಕೀಗಳು ಹಲಗೆಯಂತೆ ಉದ್ದುದ್ದ ನಿಂತವು. ಎಲ್ಲಿ ಒತ್ತಿದರೂ ಬೇಕಾದದ್ದೇ ಬಿತ್ತು.

"ಕಾಕಾ, ಇಷ್ಟ್ ಎತ್ರ ಬ್ಯಾಡ್ರಿ. ಅರ್ಧಾ ಸ್ಕ್ರೀನು ಇದಕ್ಕ ಹೊಕ್ಕೈತಿ. ನಿಮ್ಮ ಅಕ್ಷರಾ ಬ್ಯಾರೆ ದೊಡ್ಡವು. ಬರದದ್ದು ನಾಕ ಸಾಲ ಸುದ್ಧಾ ಕಾಣೂದಿಲ್ಲ, ಮೊದಲಿಂದೆಲ್ಲಾ ಮ್ಯಾಲ ಹೊಕ್ಕೈತ್ರಿ" ಅಂದಳು.

ನಾನು ಅದೇ ಕೀಬೋರ್ಡಿನಲ್ಲಿ ಒತ್ತಿ ತೋರಿಸಿದೆ: 'ಬರೆಯುವವನು ನಾನು. ಏನು ಬರೆದಿದ್ದೇನೆಂದು ನನಗೆ ಗೊತ್ತಿರುತ್ತದೆ. ಮತ್ತೆ ಮತ್ತೆ ನೋಡಲು ನಾನೇನು ಎಳೆಯ ಮಗುವಲ್ಲ.' ಒಂದೂ ತಪ್ಪಿಲ್ಲದೆ ಬಿತ್ತು. ಅವಳು ಓದಿ, "ನಿಮ್ಮಿಷ್ಟ ರೀ" ಅಂದು ತನ್ನ ಪ್ರಿಂಟರಿಗೆ ಹಾಳೆ ಹಾಕಲು ಹೋದಳು.

ಉಳಿದ ಆರು ದಿನ ಸಾಧನೆ ಮಾಡಿದೆ. ಹಳೆಯ ಅರ್ಜಿಗಳನ್ನು ನೆನಪಿಸಿಕೊಂಡು ಒತ್ತಿದೆ. ಮೂರನೆಯ ದಿನಕ್ಕೆ ಚಹಾ ಬರುವ ಮೊದಲು ಸಕ್ಕರೆಯ ಮಾತು ಹೆಂಡತಿಗೆ ಮುಟ್ಟಿತು. ಐದನೆಯ ದಿನಕ್ಕೆ ಹಾಲಿನವನ ನೀರಿನ ಬಗ್ಗೆ ಅವನು ಸೈಕಲ್ ಏರುವ ಮೊದಲೇ ಅವನ ಮುಖದೆದುರು ಒಂದು ಸಾಲು ಹಿಡಿದೆ. ಅವನು ಓದಿ, "ಅಯ್ಯ, ಮತ್ತ ಶುರು ಆತೇನ್ರಿ?" ಅಂದ. ಅಷ್ಟು ಸಂತೋಷ ನನಗೆ ಆಪರೇಷನ್ ಆದ ಮೇಲೆ ಆಗಿರಲಿಲ್ಲ. ನಾಲ್ಕಾರು ಅರ್ಜಿ ಆದ ಮೇಲೆ ಕೀಬೋರ್ಡಿಗೂ ನನ್ನ ಚಾಳಿ ಗೊತ್ತಾಯಿತು. 'ಕೈ ಮುಗಿದು' ಎಂದು ಒತ್ತಿದರೆ ಮೇಲಿನ ಪಟ್ಟಿಯಲ್ಲಿ 'ವಿನಂತಿ' ತಾನೇ ಬಂದು ನಿಲ್ಲುತ್ತಿತ್ತು, ಒಂದೇ ಏಟಿಗೆ ಒತ್ತಿಬಿಡುವುದು.

ರವಿವಾರ ಹುಕ್ಕೇರಿಯಲ್ಲಿ ಮತ್ತೆ ಅದೇ ಜಮಖಾನೆ, ಅದೇ ಗೋಡೆಗೆ ಒರಗಿದ ಅಳಿಯ. ಬೀಗರು ಹೊಸದೇನೂ ಹೇಳಲಿಲ್ಲ. ಸೊಸೆ ಇಲ್ಲದ ಮನೆ ಮನೆಯಲ್ಲ, ಮಂದಿ ಕೇಳುತ್ತಾರೆ, ನಮಗೇನು ಕಮ್ಮಿ ಆಗಿದೆ, ಇದೇ ಹಾಡು. ಬಾಗಿಲ ಹತ್ತಿರ ಮಗಳು ನಿಂತಿದ್ದಳು. ಅವಳ ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಇತ್ತೋ ಏನೋ, ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಬೀಗರು ಮುಗಿಸಿ, "ಹಾಂ, ಹೇಳ್ರಿ" ಅಂದು, ಇನ್ನೇನು ಅರ್ಧ ತಾಸು ಹೋಯಿತು ಎಂಬಂತೆ ಕಾಲು ಚಾಚಿದರು.

ನಾನು ಒತ್ತಿದೆ. ಬಲಗೈಯೊಳಗೆ ಫೋನು, ಹೆಬ್ಬೆರಳಿನ ಕೆಳಗೆ ಎಲ್ಲ ಅಕ್ಷರ. ಏನೇನು ಒತ್ತಿದೆ ಎಂಬುದು ಈಗಲೂ ನೆನಪಿದೆ. ನಿಮ್ಮ ಇಡೀ ಮನೆಯಲ್ಲಿ ಲೆಕ್ಕ ಬರುವವಳು ಒಬ್ಬಳೇ, ಅವಳನ್ನೂ ಒಲೆಯ ಮುಂದೆ ಕೂರಿಸುತ್ತೀರಿ. ಮದುವೆಯಲ್ಲಿ ಹೂಂ ಅಂದ ಬಾಯಿ ಯಾವುದು, ಈಗ ಬೇಡ ಅನ್ನುವ ಬಾಯಿ ಯಾವುದು. ನನ್ನ ಬಾಯಿಯನ್ನು ಡಾಕ್ಟರು ಕಿತ್ತರು, ನಿಮ್ಮ ಮಗನ ಬಾಯಿಯನ್ನು ಯಾರು ಕಿತ್ತರು. ಹೀಗೆ ಎಂಟು ಹತ್ತು ಸಾಲು. ಒತ್ತುತ್ತಿದ್ದಂತೆ ಎದೆ ಹಗುರಾಯಿತು, ಕಾರಕೂನನ ಕಿಟಕಿಯಲ್ಲಿ ನಿಂತ ಹಳೆಯ ನಾನು ಮರಳಿ ಬಂದೆ. ಬೈದು ಮುಗಿದ ಮೇಲೆ ಹೆಬ್ಬೆರಳು ನಿಲ್ಲಲಿಲ್ಲ. ಮೂವತ್ತು ವರ್ಷದ ರೂಢಿ. ನನ್ನ ಕೈಯಿಂದ ಯಾವ ಅರ್ಜಿಯೂ ಕೊನೆಯ ವಿನಂತಿ ಇಲ್ಲದೆ ಹೊರಟಿಲ್ಲ. ಮೇಲೆ ಎಷ್ಟು ಕೆಂಡ ಕಾರಿದರೂ ಕೆಳಗೆ ಒಂದು ನಮಸ್ಕಾರ ಇರಲೇಬೇಕು, ಇಲ್ಲದಿದ್ದರೆ ಅರ್ಜಿ ಅಪೂರ್ಣ. ಅದನ್ನೂ ಒತ್ತಿದೆ, ಮೇಲಿನ ಪಟ್ಟಿಯಲ್ಲಿ ಬಂದ ಶಬ್ದಗಳನ್ನು ಆರಿಸಿಕೊಳ್ಳುತ್ತ. ಅಳಿಯ ಆಕಳಿಸುವ ಮೊದಲೇ ಮುಗಿಯಿತು. ಕೀಬೋರ್ಡು ತೆರೆದದ್ದು ತೆರೆದಂತೆಯೇ ಫೋನನ್ನು ಬೀಗರ ಕೈಗೆ ಕೊಟ್ಟೆ.

ಬೀಗರು ಕನ್ನಡಕ ಹಾಕಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಹಿಡಿದರು. ನಾನು ಅವರ ಮುಖ ಕೆಂಪಾಗುವುದನ್ನು ಕಾಯುತ್ತ ಕೂತೆ. ಅವರು ಎಲ್ಲರಿಗೂ ಕೇಳುವಂತೆ, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ತಾವು ಹಿರಿಯರು. ತಾವು ಒಂದು ದಿನ ಮೂಡಲಗಿಗೆ ಬಂದು ನನ್ನ ಮಗಳು ಪಾಠ ಹೇಳುವುದನ್ನು ಕಣ್ಣಾರೆ ನೋಡಿ, ಆಮೇಲೆ ನಿರ್ಣಯ ಮಾಡಬೇಕಾಗಿ ಕೈ ಮುಗಿದು ವಿನಂತಿ."

ಅಲ್ಲಿಗೆ ನಿಲ್ಲಿಸಿದರು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಬೇವಿನ ಮರದ ಕೆಳಗಿನ ಮಾತು ನೆನಪಾಯಿತು. ಅರ್ಧ ಪರದೆ ಕೀಬೋರ್ಡು, ಉಳಿದದ್ದರಲ್ಲಿ ನನ್ನ ದೊಡ್ಡ ಅಕ್ಷರದ ಮೂರೂವರೆ ಸಾಲು. ಬೈದದ್ದೆಲ್ಲ ಮೇಲೆ ಹೋಗಿ ಕೂತಿತ್ತು. ಅವರು ಬೆರಳು ಇಟ್ಟು ಕೆಳಗೆ ಎಳೆದರೆ ಎಲ್ಲ ಇಳಿದು ಬರುತ್ತಿತ್ತು. ಅವರ ಎಡ ಹೆಬ್ಬೆರಳೋ, ಪರದೆಯ ಕೆಳಗಿನ ಮೂಲೆಯಲ್ಲಿ, ಕೀಬೋರ್ಡನ್ನು ಮುಚ್ಚುವ ಸಣ್ಣ ಬಾಣದ ಮೇಲೆ ಅಂಗುಲ ದೂರದಲ್ಲಿ ನಿಂತಿತ್ತು. ಅದಕ್ಕೆ ತಾಗಿದರೆ ಕೀಬೋರ್ಡ್ ಕೆಳಗಿಳಿದು, ಅವರ ಮಗನ ಬಾಯಿಯ ಸಮೇತ ಪೂರ್ತಿ ಅರ್ಜಿ ಅವರ ಕಣ್ಣ ಮುಂದೆ. ಅಂಥ ಹೊತ್ತಿನಲ್ಲಿ, ನಾನು ಯಾವುದಕ್ಕಾಗಿ ಇಡೀ ವಾರ ಹೆಬ್ಬೆರಳು ಸವೆಸಿದ್ದೆನೋ ಆ ಸಾಲುಗಳನ್ನು ಅವರು ಓದಬಾರದು ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಬೀಗರು ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಅದನ್ನು ಬಹಳ ಹೊತ್ತು ಒರೆಸಿದರು.

"ಬೀಗ್ರ," ಅಂದರು, "ಎರಡ ವರ್ಷ ಆತು ಸಂಬಂಧಾ ಆಗಿ. ನಿಮ್ಮ ಬಾಯಿಂದ ಇಂಥಾ ಮಾತ ಒಂದ ದಿನಾ ಕೇಳಿದ್ದಿಲ್ಲ ನೋಡ್ರಿ. ಬಂದಾಗೊಮ್ಮಿ ನನಗ ಏನರ ಚುಚ್ಚೇ ಹೊಕ್ಕಿದ್ರಿ. ಖರೆ ಹೇಳಬೇಕಂದ್ರ, ಈ ಬೀಗಾ ಹೇಳಿದ್ದಕ್ಕ ನಾ ಯಾಕ ಬಗ್ಗಬೇಕು ಅಂತನ ನಂದೂ ಹಟಾ ಇತ್ತು. ಕೈ ಮುಗೀಬ್ಯಾಡ್ರಿ. ನಾಳಿಗೆ ಬರ್ತೇನಿ ಮೂಡಲಗಿಗೆ."

ಫೋನು ವಾಪಸ್ ಬಂತು. ನಾನು ಅದನ್ನು ಕಿಸೆಯಲ್ಲಿ ತುರುಕಿದೆ. ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಹಾಗೆ ನೋಡಿದ್ದಳು.

ನಮ್ಮನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಮಗಳು ಬಂದಳು. ತಾಯಿ ನೀರಿನ ಬಾಟಲಿ ತರಲು ಅಂಗಡಿಗೆ ಹೋದಾಗ, "ಅಪ್ಪಾ, ಫೋನ್ ಕೊಡ್ರಿ, ಆ ಮಾತ ನಾನೂ ಓದಬೇಕು" ಅಂದಳು. ಕೊಡಬಾರದಿತ್ತು. ಅವಳ ಮುಖದಲ್ಲಿದ್ದ ಸಂತೋಷ ನೋಡಿ ಕೊಟ್ಟೆ. ಗಣಿತದ ಟೀಚರ್, ಅವಳಿಗೆ ಆ ಮುಚ್ಚುವ ಬಾಣ ಗೊತ್ತಿಲ್ಲದೆ ಇರುತ್ತದೆಯೇ? ಕೀಬೋರ್ಡು ಕೆಳಗಿಳಿಯಿತು. ಅವಳು ಮೇಲಿನಿಂದ ಓದಿದಳು. ಒಂದು ಸಾಲಿಗೆ ಹುಬ್ಬು ಏರಿತು, ಗಂಡನ ಸಾಲು ಬಂದಾಗ ಫಕ್ಕನೆ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ನಾನು ತಲೆ ತಗ್ಗಿಸಿ ನಿಂತೆ. ಇವೇ ಮಾತುಗಳು ಬಾಯಿಂದ ಬಂದಿದ್ದರೆ ಮೊದಲನೆಯ ಸಾಲಿಗೇ ಬೀಗರು ಎದ್ದು ಹೋಗುತ್ತಿದ್ದರು, ಕೊನೆಯ ಸಾಲಿನವರೆಗೆ ಯಾರೂ ಕೂತಿರುತ್ತಿರಲಿಲ್ಲ. ಮೂವತ್ತು ವರ್ಷ ಎಷ್ಟು ಜನ ನನ್ನ ಕೊನೆಯ ಸಾಲಿನವರೆಗೆ ಕೂತಿದ್ದರು? ನಾಚಿಕೆ ಆಗ ಆಯಿತು, ಬಾಜೂ ಮೇಜಿನವಳಿಗೆ ಅಂದದ್ದೂ ಸೇರಿ.

ಮಗಳು ಮೇಲಿನ ಸಾಲುಗಳನ್ನು ಅಳಿಸುತ್ತಾಳೆ ಎಂದುಕೊಂಡೆ. ಅಳಿಸಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳು ಇಟ್ಟಳು. ಕೀಬೋರ್ಡು ಮತ್ತೆ ಎದ್ದು ನಿಂತು ಬೈಗುಳವನ್ನೆಲ್ಲ ಮೇಲೆ ದೂಡಿತು. ಹಾಗೆಯೇ ಫೋನನ್ನು ನನ್ನ ಕೈಯಲ್ಲಿಟ್ಟಳು.

"ಅಪ್ಪಾ," ಅಂದಳು, "ಇದನ್ನ ಗಿಡ್ಡ ಮಾಡಬ್ಯಾಡ್ರಿ."

ಬೀಗರು ಹೇಳಿದಂತೆ ಮರುದಿನ ಮೂಡಲಗಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಒಂದು ತಾಸು ಕೂತು, ಸಾಲಿ ಬಿಡುವ ಮಾತನ್ನು ಅಲ್ಲಿಯೇ ಬಿಟ್ಟು ಬಂದರು. ಮಗಳು ಈಗಲೂ ಕಲಿಸುತ್ತಾಳೆ. ನಾನು ಈಗಲೂ ಎಲ್ಲರಿಗೂ ಬೈಯುತ್ತೇನೆ, ಆ ಚಾಳಿ ಗಂಟಲಲ್ಲಿ ಇರಲಿಲ್ಲವಾದ್ದರಿಂದ ಡಾಕ್ಟರಿಗೆ ಸಿಕ್ಕಿಲ್ಲ. ಬಾಜೂ ಮೇಜಿನ ಹೆಣ್ಣುಮಗಳು ಒಂದು ದಿನ ನನ್ನ ಫೋನು ನೋಡಿ, "ಕಾಕಾ, ಇನ್ನೂ ಅಷ್ಟ ಎತ್ರನ ಐತೇನ್ರಿ? ಒಂದ್ ಮೆಟ್ಟಲಾ ಇಳಸ್ಲೇನು?" ಅಂದಳು. ಬೇಡ ಎಂದು ತಲೆ ಆಡಿಸಿ, ಅವಳಿಗೊಂದು ದೊಡ್ಡ ಅರ್ಜಿ ಒತ್ತಿ, ಕೀಬೋರ್ಡು ಮುಚ್ಚಿ ಕೈಗೆ ಕೊಟ್ಟೆ. ಅದರಲ್ಲಿ ಮೇಲಿನಿಂದ ಕೆಳಗಿನವರೆಗೆ ಕ್ಷಮೆಯ ವಿನಂತಿಯೇ ಇತ್ತು.